ಅಗಲದ ಕಾಲಂ ಬಿಟ್ಟರೆ ವಿಸ್ತೀರ್ಣವೇ ಇಲ್ಲ

ನಮಸ್ಕಾರ. ಇವತ್ತು ರೀಮಾನ್ ಮೊತ್ತದ ಬಗ್ಗೆ ಮಾತಾಡೋಣ, ಅಂದರೆ ವಕ್ರರೇಖೆಯ ಕೆಳಗಿನ ಜಾಗವನ್ನು ಪಟ್ಟಿಪಟ್ಟಿಯಾಗಿ ಸೀಳಿ, ಒಂದೊಂದು ಪಟ್ಟಿಯನ್ನೂ ಆಯತ ಎಂದುಕೊಂಡು ಅವುಗಳ ವಿಸ್ತೀರ್ಣ ಕೂಡಿಸುವುದು. ನನ್ನ ವಾದ ಇಷ್ಟೇ. ಸ್ಪ್ರೆಡ್‌ಶೀಟ್‌ನಲ್ಲಿ ಇದನ್ನು ಮಾಡಿಸುವಾಗ ಪ್ರತಿ ಸಾಲಿನಲ್ಲೂ ಎತ್ತರಕ್ಕೊಂದು ಕಾಲಂ, ಅಗಲಕ್ಕೊಂದು ಕಾಲಂ ಇರಲೇಬೇಕು. ಎತ್ತರಗಳನ್ನೆಲ್ಲ ಕೂಡಿಸಿ ಕೊನೆಗೆ ಒಂದೇ ಸಲ ಅಗಲದಿಂದ ಗುಣಿಸುವುದು ಚುಟುಕಾದ ದಾರಿ, ಉತ್ತರವೂ ಸರಿಯಾಗೇ ಬರುತ್ತದೆ. ಆದರೆ ಹಾಗೆ ಮಾಡಿದಾಗ ವಿಸ್ತೀರ್ಣ ಎಲ್ಲಿಂದ ಬಂತು ಅನ್ನುವುದು ಕಣ್ಣಿಗೇ ಬೀಳುವುದಿಲ್ಲ.

ಒಂದು ಗಾಡಿಯನ್ನು ಇಟ್ಟುಕೊಳ್ಳೋಣ. `t` ಸೆಕೆಂಡಿನಲ್ಲಿ ಅದರ ವೇಗ ಸೆಕೆಂಡಿಗೆ `t^2+1` ಮೀಟರ್. ಹೊರಡುವಾಗ ಸೆಕೆಂಡಿಗೆ 1 ಮೀಟರ್, ಮೂರು ಸೆಕೆಂಡಿನ ಹೊತ್ತಿಗೆ 10 ಮೀಟರ್, ಅಂದರೆ ಗಂಟೆಗೆ 36 ಕಿಲೋಮೀಟರ್. ಈ ಮೂರು ಸೆಕೆಂಡಿನಲ್ಲಿ ಗಾಡಿ ಎಷ್ಟು ದೂರ ಹೋಯಿತು? ಅನುಕಲನ ಗೊತ್ತಿದ್ದವರು 12 ಮೀಟರ್ ಎಂದು ಹೇಳಿಬಿಡುತ್ತಾರೆ. ಅದಕ್ಕೂ ವಕ್ರರೇಖೆಯ ಕೆಳಗಿನ ವಿಸ್ತೀರ್ಣಕ್ಕೂ ಏನು ಸಂಬಂಧ ಅನ್ನುವುದೇ ನಮ್ಮ ವಿಷಯ.

ಗ್ರಾಫ್ ಹಾಳೆಯ ಒಂದು ಚೌಕ ನೋಡಿ. ಅಡ್ಡಕ್ಕೆ ಒಂದು ಸೆಕೆಂಡು, ಉದ್ದಕ್ಕೆ ಸೆಕೆಂಡಿಗೆ ಒಂದು ಮೀಟರ್. ಎರಡನ್ನೂ ಗುಣಿಸಿದರೆ ಒಂದು ಮೀಟರ್. ಈ ಚಿತ್ರದಲ್ಲಿ ಒಂದು ಚೌಕ ಅಂದರೆ ಒಂದು ಚದರ ಮೀಟರ್ ಅಲ್ಲ, ಗಾಡಿ ಸಾಗಿದ ಒಂದು ಮೀಟರ್ ದೂರ. ಇದನ್ನು ಮೊದಲೇ ಬಾಯಿಬಿಟ್ಟು ಹೇಳದಿದ್ದರೆ, ದೂರ ಕೇಳಿದರೆ ವಿಸ್ತೀರ್ಣ ಯಾಕೆ ಹುಡುಕುತ್ತಿದ್ದೇವೆ ಅನ್ನುವ ಗೊಂದಲ ಕೊನೆಯವರೆಗೂ ಹೋಗುವುದಿಲ್ಲ.

ಈಗ ಹಾಳೆ ತೆರೆಯಿರಿ. `B1` ರಲ್ಲಿ ಆರಂಭ, 0. `B2` ನಲ್ಲಿ ಕೊನೆ, 3. `B3` ರಲ್ಲಿ ಪಟ್ಟಿಗಳ ಸಂಖ್ಯೆ, 6. `B4` ನಲ್ಲಿ ಒಂದು ಪಟ್ಟಿಯ ಅಗಲ, `=(B2-B1)/B3`, ಅದು 0.5 ಬರುತ್ತದೆ. `B5` ರಲ್ಲಿ ಸದ್ಯಕ್ಕೆ 0 ಹಾಕಿ, ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ. ಆರನೇ ಸಾಲು ಶೀರ್ಷಿಕೆಗಳಿಗೆ. ಏಳನೇ ಸಾಲಿನಲ್ಲಿ ಇಷ್ಟು ಬರೆಯಿರಿ:

```
A7: =$B$1+(ROW()-7+$B$5)*$B$4
B7: =A7^2+1
C7: =$B$4
D7: =B7*C7
```

ಈ ನಾಲ್ಕನ್ನೂ ಹನ್ನೆರಡನೇ ಸಾಲಿನವರೆಗೆ ಎಳೆಯಿರಿ. `A` ಸಮಯ, `B` ಎತ್ತರ, `C` ಅಗಲ, `D` ಆ ಒಂದು ಪಟ್ಟಿಯ ವಿಸ್ತೀರ್ಣ. `D1` ರಲ್ಲಿ `=SUM(D7:D12)` ಕೊಟ್ಟರೆ 9.875 ಬರಬೇಕು. ಪ್ರತಿ ಅರ್ಧ ಸೆಕೆಂಡಿನ ಶುರುವಿನ ವೇಗವನ್ನೇ ಆ ಅರ್ಧ ಸೆಕೆಂಡು ಪೂರ್ತಿ ಹಿಡಿದುಕೊಂಡಿದ್ದೇವೆ. ಗಾಡಿ ವೇಗ ಹೆಚ್ಚಿಸಿಕೊಳ್ಳುತ್ತಲೇ ಇರುವುದರಿಂದ ಲೆಕ್ಕ 12ಕ್ಕಿಂತ ಕಡಿಮೆ ಬಂತು.

ಇನ್ನೊಂದು ಸೆಲ್ ಬೇಕು, ನನ್ನ ಪ್ರಕಾರ ಇಡೀ ಹಾಳೆಯಲ್ಲಿ ಅತಿ ಮುಖ್ಯವಾದದ್ದು ಇದೇ. `C1` ರಲ್ಲಿ ಅಗಲಗಳ ಮೊತ್ತ, `=SUM(C7:C12)`. ಅದು 3 ಇರಬೇಕು, ಯಾಕೆಂದರೆ ಪಟ್ಟಿಗಳೆಲ್ಲ ಸೇರಿ ಮೂರು ಸೆಕೆಂಡನ್ನು ಸರಿಯಾಗಿ ಮುಚ್ಚಬೇಕು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು ನೋಡಿ. 0, 0.5, 1 ಅಂತ 3ರವರೆಗೆ ಬರೆದರೆ ಬಿಂದುಗಳು ಏಳು, ಪಟ್ಟಿಗಳು ಆರೇ. ಏಳೂ ಸಾಲು ಕೂಡಿಸಿದರೆ 14.875. ಅದನ್ನು ನೋಡಿ ಪಟ್ಟಿ ದಪ್ಪ ಇದೆ, ಅಂದಾಜು ಒರಟಾಗಿದೆ ಎಂದುಕೊಂಡು ಮುಂದೆ ಹೋಗಿಬಿಡುತ್ತಾರೆ. ಅಗಲದ ಮೊತ್ತ 3.5 ತೋರಿಸುತ್ತಿರುತ್ತದೆ, ಇಲ್ಲದ ಅರ್ಧ ಸೆಕೆಂಡನ್ನೂ ಗಾಡಿ ಓಡಿಸಿದ್ದೇವೆ. ವೇಗ ಬರೀ `t^2` ಆಗಿದ್ದರೆ ಇದು ಇನ್ನೂ ಅಪಾಯ: ಮೊದಲ ಎತ್ತರ ಸೊನ್ನೆ, ಹಾಗಾಗಿ ಏಳು ಸಾಲಿನ ತಪ್ಪು ಮೊತ್ತವೂ ಪ್ರತಿ ಪಟ್ಟಿಯ ಬಲತುದಿಯ ಎತ್ತರ ಹಿಡಿದ ಸರಿಯಾದ ಮೊತ್ತವೂ ಒಂದೇ ಬರುತ್ತದೆ, ತಪ್ಪು ಅಡಗಿಕೊಳ್ಳುತ್ತದೆ. ಅದಕ್ಕೇ ಇಲ್ಲಿ 1 ಸೇರಿಸಿದ್ದು. `B3` ರಲ್ಲಿ 6 ಅಳಿಸಿ 60 ಹಾಕಿ, ಸಾಲುಗಳನ್ನು ಮಾತ್ರ 66ರವರೆಗೆ ಎಳೆಯುವುದು ಮರೆತರೂ ಇದೇ ಸೆಲ್ ಹಿಡಿಯುತ್ತದೆ, ಅಗಲದ ಮೊತ್ತ 0.3ಕ್ಕೆ ಇಳಿದಿರುತ್ತದೆ. ಸಾಲು ಎಳೆದ ಮೇಲೆ `C1`, `D1` ಎರಡರಲ್ಲೂ 12ನ್ನು 66 ಮಾಡಿ. ಆರು ಪಟ್ಟಿಗೆ ಮರಳುವಾಗ `B3` ರಲ್ಲಿ 6 ಹಾಕಿ, 66ನ್ನು ಮತ್ತೆ 12 ಮಾಡಿ.

ಈಗ `B5`. 0 ಇದ್ದರೆ ಎಡತುದಿ, 1 ಹಾಕಿದರೆ ಬಲತುದಿ, 0.5 ಹಾಕಿದರೆ ನಡುಬಿಂದು. ಆರು ಪಟ್ಟಿಗೆ ಬಲತುದಿಯ ಮೊತ್ತ 14.375. ಎಡ ಮತ್ತು ಬಲದ ನಡುವಿನ ವ್ಯತ್ಯಾಸ 4.5. ಒಂದೊಂದು ಪಟ್ಟಿಯಲ್ಲಿ ಬಲದ ಆಯತ ಎಡದ್ದಕ್ಕಿಂತ ಎಷ್ಟು ಎತ್ತರವೋ ಆ ತುಂಡುಗಳನ್ನೆಲ್ಲ ಒಂದೇ ಕಡೆಗೆ ಸರಿಸಿ ಪೇರಿಸಿ: 0.5 ಅಗಲ, 9 ಎತ್ತರದ ಒಂದೇ ಕಂಬ ಆಗುತ್ತದೆ. ನಿಜವಾದ ಉತ್ತರ ಎರಡು ಮೊತ್ತಗಳ ನಡುವೆಯೇ ಇದೆ, ಪಟ್ಟಿ ಸಣ್ಣದಾದಷ್ಟೂ ಆ ಕಂಬ ತೆಳ್ಳಗಾಗುತ್ತದೆ. 60 ಪಟ್ಟಿಗೆ ಅದು 0.45. ಇನ್ನು ನಡುಬಿಂದು ಆರೇ ಪಟ್ಟಿಯಲ್ಲಿ 11.9375 ಕೊಡುತ್ತದೆ, 60 ಪಟ್ಟಿಯ ಎಡತುದಿಯ ಮೊತ್ತ 11.77625ಕ್ಕಿಂತ ಚೆನ್ನಾಗಿ. ಒಂದೇ ಪಟ್ಟಿಯೊಳಗೆ ಎಡಕ್ಕೆ ಹೆಚ್ಚಾದದ್ದು ಬಲಕ್ಕೆ ಕಡಿಮೆಯಾದದ್ದಕ್ಕೆ ಬಹುಪಾಲು ಸರಿಹೋಗುತ್ತದೆ. 1854ರಲ್ಲಿ ರೀಮಾನ್ ಪಟ್ಟಿಯೊಳಗೆ ಯಾವ ಬಿಂದುವನ್ನಾದರೂ ಆರಿಸಿಕೊಳ್ಳಲು ಬಿಟ್ಟಿದ್ದ. `B5` ರಲ್ಲಿ 0.3 ಹಾಕಿದರೂ ಅದು ರೀಮಾನ್ ಮೊತ್ತವೇ.

ಚಾರ್ಟ್ ಹಾಕುವಾಗ ಮಾತ್ರ ಹುಷಾರಾಗಿರಬೇಕು. ಎಲ್ಲರೂ ಕಾಲಂ ಚಾರ್ಟ್ ತೆಗೆದುಕೊಂಡು ಮೇಲೆ ಗೆರೆ ಎಳೆಯುತ್ತಾರೆ. ಕಾಲಂ ಚಾರ್ಟ್‌ನಲ್ಲಿ ಕಂಬ ತನ್ನ ಲೇಬಲ್ಲಿನ ಮೇಲೆ ನಟ್ಟನಡುವೆ ನಿಲ್ಲುತ್ತದೆ, ಗೆರೆಯ ಬಿಂದುವೂ ಅಲ್ಲೇ. ಹಾಗಾಗಿ ಎಡತುದಿ ಇರಲಿ ಬಲತುದಿ ಇರಲಿ, ಗೆರೆ ಪ್ರತಿ ಕಂಬದ ತಲೆಯ ನಡುವೆ ಹಾದುಹೋಗಿ ಎಲ್ಲವೂ ನಡುಬಿಂದುವಿನ ಹಾಗೇ ಕಾಣುತ್ತದೆ. ಮೊತ್ತ ಕಡಿಮೆ ಬಂದಿದೆ, ಚಿತ್ರದಲ್ಲಿ ಕೊರತೆ ಕಾಣುತ್ತಿಲ್ಲ. ಇಂಥ ಚಿತ್ರ ತೋರಿಸುವುದಕ್ಕಿಂತ ಚಿತ್ರವೇ ಇಲ್ಲದಿರುವುದು ಮೇಲು.

ಸ್ಕ್ಯಾಟರ್ ಚಾರ್ಟ್ ಬಳಸಿ, ಬಿಂದುಗಳನ್ನು ನೇರ ಗೆರೆಯಿಂದ ಸೇರಿಸುವ ಬಗೆಯದ್ದು. ಪ್ರತಿ ಪಟ್ಟಿಗೆ ನಾಲ್ಕು ಬಿಂದು. ಎಡತುದಿಯ ಮೊದಲ ಪಟ್ಟಿಗೆ (0, 0), (0, 1), (0.5, 1), (0.5, 0). ಎರಡನೆಯದಕ್ಕೆ (0.5, 0), (0.5, 1.25), (1, 1.25), (1, 0). ಆರು ಪಟ್ಟಿಗೆ ಇಪ್ಪತ್ತನಾಲ್ಕು ಸಾಲು, ಬೇಸರದ ಕೆಲಸವೇ. ಆದರೆ ಅದರ ಮೇಲೆ ವಕ್ರರೇಖೆಯನ್ನು ಹಾಕಿದಾಗ ಪ್ರತಿ ಆಯತದ ಎಡಮೂಲೆ ರೇಖೆಗೆ ತಾಗಿ, ಬಲಕ್ಕೆ ಒಂದು ತ್ರಿಕೋನದಂಥ ಸಂದು ಖಾಲಿ ಉಳಿಯುತ್ತದೆ. 12ರಲ್ಲಿ ತಪ್ಪಿಹೋದ 2.125 ಮೀಟರ್ ಆ ಆರು ಸಂದುಗಳಲ್ಲಿದೆ.

ಕೊನೆಯದಾಗಿ ‘ವಿಸ್ತೀರ್ಣ’ ಅನ್ನುವ ಮಾತು ಎಡವುವ ಜಾಗ. `B7` ನ ಸೂತ್ರವನ್ನು `=A7^2-4` ಮಾಡಿ ಕೆಳಗೆ ಎಳೆಯಿರಿ, ಪಟ್ಟಿ ಆರೇ ಇರಲಿ, `B5` ರಲ್ಲಿ 0.5. ಈಗ ಗಾಡಿ ಮೊದಲ ಎರಡು ಸೆಕೆಂಡು ಹಿಂದಕ್ಕೆ ಹೋಗಿ ಆಮೇಲೆ ಮುಂದಕ್ಕೆ ಬರುತ್ತದೆ. ಮೊತ್ತ -3.0625. ವಿಸ್ತೀರ್ಣ ಋಣವಾಗುವುದು ಹೇಗೆ? ಅಗಲ ಧನವೇ, ಎತ್ತರ ಋಣ. ಅಕ್ಷದ ಕೆಳಗಿನ ಪಟ್ಟಿಗಳು ಕಳೆಯುತ್ತವೆ, ಮೇಲಿನವು ಕೂಡುತ್ತವೆ. ನಿಖರ ಉತ್ತರ -3, ಅಂದರೆ ಗಾಡಿ ಹೊರಟ ಜಾಗದಿಂದ ಮೂರು ಮೀಟರ್ ಹಿಂದೆ ನಿಂತಿದೆ. ಚಕ್ರ ಒಟ್ಟು ಎಷ್ಟು ಉರುಳಿತು ಅಂತ ಬೇಕಿದ್ದರೆ `D7` ರಲ್ಲಿ `=ABS(B7)*C7` ಬರೆದು ಎಳೆಯಿರಿ. 7.6875 ಬರುತ್ತದೆ, ನಿಖರವಾಗಿ 23/3, ಸುಮಾರು 7.667 ಮೀಟರ್. ರೇಖೆಗೂ ಅಕ್ಷಕ್ಕೂ ನಡುವೆ ಬಣ್ಣ ತುಂಬಿದ ಜಾಗ ಇದು, ನಿಶ್ಚಿತ ಅನುಕಲನ ಕೊಡುವುದು ಮೊದಲಿನ -3. ಪ್ರಶ್ನೆ ಇವೆರಡರಲ್ಲಿ ಯಾವುದನ್ನು ಕೇಳುತ್ತಿದೆ ಅಂತ ನೋಡಿಕೊಂಡೇ `D` ಕಾಲಮ್ಮಿನ ಸೂತ್ರ ಬರೆಯಿರಿ.