ಕ್ಯಾಪ್ಸೂಲ್ ಸಿಪ್ಪೆ ಯಾವುದ್ರಿಂದ ಮಾಡಿರ್ತಾರೆ? ಜೆಲಾಟಿನ್ ಬಗ್ಗೆ ಪೂರ್ತಿ ಹೇಳ್ತೀನಿ

ಈಗ ಸ್ಕ್ರೀನ್ ಮೇಲೆ ಕಾಣ್ತಿದ್ಯಲ್ಲ, ಈ ಅರ್ಧ ಕೆಂಪು ಅರ್ಧ ಬಿಳಿ ಕ್ಯಾಪ್ಸೂಲ್, ಇದ್ರ ಒಳಗಿನ ಪುಡಿ ಔಷಧಿ, ಅದನ್ನ ಪಕ್ಕಕ್ಕಿಡಿ. ಇವತ್ತು ನಾನು ಮಾತಾಡ್ತಿರೋದು ಹೊರಗಿನ ಸಿಪ್ಪೆ ಬಗ್ಗೆ. ಸಾಮಾನ್ಯವಾಗಿ ಈ ಸಿಪ್ಪೆ ಜೆಲಾಟಿನ್‌ದು. ಈರುಳ್ಳಿ ಬೆಳ್ಳುಳ್ಳಿ ಕೂಡ ಮುಟ್ಟದೇ ಇರೋ ಎಷ್ಟೋ ಮನೆಗಳಲ್ಲಿ ಇದನ್ನ ದಿನಾ ಊಟ ಆದ್ಮೇಲೆ ನುಂಗ್ತಾರೆ, ಯಾರೂ ಅವರಿಗೆ ಹೇಳಿರಲ್ಲ.

ಜೆಲಾಟಿನ್ ಅಂದ್ರೆ ಒಂದು ಪ್ರೋಟೀನ್. ಪ್ರಾಣಿಗಳ ಚರ್ಮ, ಮೂಳೆ, ಸ್ನಾಯುಗಳನ್ನ ಮೂಳೆಗೆ ಕಟ್ಟೋ ನರದಂಥ ಪಟ್ಟಿಗಳು, ಇವುಗಳಲ್ಲೆಲ್ಲಾ ಕೊಲಾಜೆನ್ ಅಂತ ಗಟ್ಟಿ ನಾರಿನಂಥ ಪ್ರೋಟೀನ್ ಇರುತ್ತೆ, ಅದನ್ನ ಆಸಿಡ್ ಅಥವಾ ಸುಣ್ಣದಲ್ಲಿ ನೆನೆಸಿ ಸಡಿಲ ಮಾಡಿ ಆಮೇಲೆ ಬಿಸಿ ನೀರಲ್ಲಿ ಕುದಿಯೋದಕ್ಕೆ ಬಿಡದೆ ನಿಧಾನಕ್ಕೆ ಕಾಯಿಸಿದ್ರೆ ನೀರಿಗೆ ಬಿಟ್ಕೊಳ್ಳುತ್ತೆ, ಅದೇ ಜೆಲಾಟಿನ್. ಯೂರೋಪಲ್ಲಿ ಹಂದಿ ಚರ್ಮದಿಂದ ತುಂಬಾ ಮಾಡ್ತಾರೆ, ಮೀನಿನ ಚರ್ಮದಿಂದ್ಲೂ ಮಾಡ್ತಾರೆ. ನಮ್ಮ ದೇಶದಲ್ಲಿ ಹೆಚ್ಚಾಗಿ ದನ, ಎಮ್ಮೆ ಮೂಳೆ. ಗೊರಸು, ಕೊಂಬು, ಕೂದಲಿಂದ ಮಾಡ್ತಾರೆ ಅಂತ ವಾಟ್ಸಾಪಲ್ಲಿ ಓಡಾಡೋದು ತಪ್ಪು, ಅವು ಕೆರಾಟಿನ್, ಅದ್ರಿಂದ ಜೆಲಾಟಿನ್ ಬರೋದೇ ಇಲ್ಲ.

ಮೂಳೆಯಿಂದ ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಇದು ನಮ್ಮ ಪಕ್ಕದಲ್ಲೇ ನಡೆಯೋ ಕೆಲ್ಸ, ಕೇರಳದ ತ್ರಿಶೂರ್ ಜಿಲ್ಲೆ ಕೊರಟ್ಟಿ ಹತ್ರ ಮೂಳೆ ಫ್ಯಾಕ್ಟ್ರಿ ಇದೆ, ಜೆಲಾಟಿನ್ ಮಾಡೋದು ಕೊಚ್ಚಿಯಲ್ಲಿ. ಮೊದ್ಲು ಮೂಳೆನ ಚೂರು ಮಾಡಿ ಕೊಬ್ಬು ತೆಗೀತಾರೆ. ಆಮೇಲೆ ತೆಳು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಹಲವು ದಿನ ನೆನೆಸ್ತಾರೆ, ಮೂಳೆಗೆ ಗಟ್ಟಿತನ ಕೊಡೋ ಕ್ಯಾಲ್ಸಿಯಂ ಫಾಸ್ಫೇಟ್ ಎಲ್ಲಾ ಕರಗಿ ಹೋಗುತ್ತೆ, ಉಳಿಯೋದು ಬಾಗಿಸಿದ್ರೆ ಬಾಗೋ ಮೆತ್ತನೆ ಮೂಳೆ, ಅದಕ್ಕೆ ಒಸೀನ್ ಅಂತಾರೆ. ಕರಗಿದ ಕ್ಯಾಲ್ಸಿಯಂನೂ ಬಿಸಾಕಲ್ಲ, ಸುಣ್ಣ ಹಾಕಿ ಡೈಕ್ಯಾಲ್ಸಿಯಂ ಫಾಸ್ಫೇಟ್ ಆಗಿ ತೆಗೆದು ಕೋಳಿ ಫೀಡಿಗೆ ಮಾರ್ತಾರೆ. ಒಸೀನನ್ನ ವಾರಗಟ್ಟಲೆ ಸುಣ್ಣದ ನೀರಲ್ಲಿ ಇಟ್ಟು, ತೊಳೆದು, ಬಿಸಿ ನೀರಲ್ಲಿ ಹಂತ ಹಂತವಾಗಿ ಜೆಲಾಟಿನ್ ಬಿಡಿಸ್ಕೊಂಡು, ಸೋಸಿ, ಗಟ್ಟಿ ಮಾಡಿ, ತಣಿಸಿ ಶಾವಿಗೆ ಥರ ಒತ್ತಿ ಒಣಗಿಸಿ ಪುಡಿ ಮಾಡ್ತಾರೆ. ಕೊನೆಗೆ ಕೈಗೆ ಬರೋದು ರುಚಿ ಇಲ್ಲ, ವಾಸನೆ ಇಲ್ಲದ ಪುಡಿ. ಅದಕ್ಕೇ ನೋಡಿ ನಾಲಿಗೆಗೆ ಗೊತ್ತೇ ಆಗಲ್ಲ, ಕೇಳದೇ ತಿಳ್ಕೊಳ್ಳೋ ದಾರಿನೇ ಇಲ್ಲ.

ಶಾಕಾಹಾರಿಗಳು ಕೇಳೋದು ಯಾಕೆ ಅಂದ್ರೆ, ಹಾಲಿಗೆ ಪ್ರಾಣಿ ಸಾಯಬೇಕಿಲ್ಲ, ಇದಕ್ಕೆ ಸತ್ತಿರ್ಲೇಬೇಕು. ಮಾಂಸಕ್ಕೆ ಹೇಗೂ ಕಡೀತಾರಲ್ಲ, ಮೂಳೆ ವೇಸ್ಟ್ ತಾನೇ ಅಂತ ಕೆಲವರು ಕೇಳ್ತಾರೆ. ಆದ್ರೆ ಆ ಮೂಳೆಗೆ ದುಡ್ಡು ಬರುತ್ತೆ ಅಂದ್ರೆ ಅದು ವೇಸ್ಟಲ್ಲ, ಅದೂ ವ್ಯಾಪಾರದ ಭಾಗನೇ, ನನ್ನ ಅಭಿಪ್ರಾಯ ಇದು. ಮುಸ್ಲಿಮರೂ ಕೇಳ್ತಾರೆ, ಹಂದಿದಾ, ದನ ಆದ್ರೆ ಹಲಾಲಾ ಅಂತ.

ತಿಂಡಿ ವಿಷಯದಲ್ಲಿ ನಮ್ಗೆ ಕಷ್ಟ ಇಲ್ಲ. ಮಾರ್ಶ್‌ಮ್ಯಾಲೋ, ಗಮ್ಮಿ ಚಾಕ್ಲೇಟ್, ಕೆಲವು ಮೂಸ್ ಕೇಕ್, ಇವುಗಳಲ್ಲಿ ಜೆಲಾಟಿನ್ ಇದ್ರೆ ಪ್ಯಾಕ್ ಮೇಲೆ ನಾನ್‌ವೆಜ್ ಗುರುತು ಇರ್ಲೇಬೇಕು, ಹಿಂದೆ ಕಂದು ಚುಕ್ಕೆ ಇತ್ತು, ಈಗಿನ ರೂಲ್ಸಲ್ಲಿ ಚೌಕದೊಳಗೆ ಕಂದು ತ್ರಿಕೋನ. ಹಸಿರು ಚುಕ್ಕೆ ಇರೋ ಜೆಲ್ಲಿ ಪೌಡರ್‌ನಲ್ಲಿ ಕ್ಯಾರಗೀನನ್ ಅಥವಾ ಅಗರ್ ಇರುತ್ತೆ, ಎರಡೂ ಕಡಲ ಪಾಚಿದು. ಅಗರ್ ಅಂದ್ರೆ ನಮ್ಮ ಚೈನಾ ಗ್ರಾಸ್. ಅದು ಕರಗಬೇಕಂದ್ರೆ ಸುಮಾರು 85 ಡಿಗ್ರಿ ಬೇಕು, ಜೆಲಾಟಿನ್ ಆದ್ರೆ ಮೈ ಬಿಸಿಗೇ ಕರಗುತ್ತೆ, ಅದಕ್ಕೇ ಬಾಯಲ್ಲಿಟ್ರೆ ನೀರಾಗೋದು. ಹಸಿ ಅನಾನಸ್ ಹಾಕಿದ್ರೆ ಜೆಲಾಟಿನ್ ಗಟ್ಟಿನೇ ಆಗಲ್ಲ, ಆ ಹಣ್ಣಿನ ಎಂಜೈಮು ಪ್ರೋಟೀನನ್ನ ಕತ್ತರಿಸಿಬಿಡುತ್ತೆ, ಚೈನಾ ಗ್ರಾಸ್‌ಗೆ ಏನೂ ಆಗಲ್ಲ.

ಕಷ್ಟ ಇರೋದು ಔಷಧಿಯಲ್ಲಿ. ಮಾತ್ರೆ ಸ್ಟ್ರಿಪ್ ಮೇಲೆ ಈ ಹಸಿರು, ಕಂದು ಗುರುತು ಕಡ್ಡಾಯ ಅಲ್ಲ. ವಿಟಮಿನ್ ಇ, ಮೀನೆಣ್ಣೆ ಥರದ ಸಾಫ್ಟ್‌ಜೆಲ್ ಬಹುಪಾಲು ಜೆಲಾಟಿನ್ನೇ. ಬದಲಿ ಇದೆ, ಹೈಪ್ರೊಮೆಲೋಸ್ ಅಂತ, HPMC ಅಂತ ಬರೆದಿರ್ತಾರೆ, ಗಿಡಮರದ ಸೆಲ್ಯುಲೋಸಿಂದ ಮಾಡೋದು, ಜೆಲಾಟಿನ್‌ಗಿಂತ ರೇಟ್ ಜಾಸ್ತಿ. ಮೆಡಿಕಲ್ ಸ್ಟೋರಲ್ಲಿ ವೆಜ್ಜಾ ಅಂತಷ್ಟೇ ಕೇಳಿದ್ರೆ ಹೂಂ ಅಂದ್ಬಿಡ್ತಾರೆ, ಸಿಪ್ಪೆ ಜೆಲಾಟಿನ್ನಾ HPMCನಾ, ಡಬ್ಬಿ ನೋಡಿ ಹೇಳಿ ಅಣ್ಣಾ ಅಂತ ಕೇಳಿ. ಡಾಕ್ಟ್ರ ಹತ್ರ ಇದೇ ಔಷಧಿ ಟ್ಯಾಬ್ಲೆಟ್‌ನಲ್ಲೋ ಸಿರಪ್‌ನಲ್ಲೋ ಸಿಗುತ್ತಾ ಅಂತ ಕೇಳಿ, ಎಷ್ಟೋ ಸಲ ಸಿಗುತ್ತೆ. ಕ್ಯಾಪ್ಸೂಲ್ ಬಿಚ್ಚಿ ಪುಡಿ ಮಾತ್ರ ತಗೊಳ್ಳೋದು ಬೇಡ, ಕೆಲವು ಹೊಟ್ಟೆಯ ಆಸಿಡಿಗೆ ಹಾಳಾಗ್ಬಾರ್ದು ಅಂತ್ಲೇ, ನಿಧಾನಕ್ಕೆ ಬಿಡುಗಡೆ ಆಗ್ಲಿ ಅಂತ್ಲೇ ಮಾಡಿರ್ತಾರೆ. ಬದಲಿ ಸಿಗೋವರೆಗೂ ಡಾಕ್ಟ್ರು ಬರೆದಿರೋದನ್ನ ನಿಲ್ಲಿಸ್ಬೇಡಿ.