ಒಂದು ಪರ್ಸೆಂಟ್ ಪ್ರೋಟೀನಿನ ಅನುಮಾನ

ಎಲ್ಲರಿಗೂ ನಮಸ್ಕಾರ.

ತಂದೆತಾಯಿಯ ಗುಣ ಮಕ್ಕಳಿಗೆ ಬರುವುದು ಡಿಎನ್ಎ ಮೂಲಕ ಅಂತ ಇವತ್ತು ಎಲ್ಲರಿಗೂ ಗೊತ್ತು. ಆದರೆ 1940ರ ಸುಮಾರಿಗೆ ಜೀವವಿಜ್ಞಾನಿಗಳನ್ನು ಕೇಳಿದ್ದರೆ ಹೆಚ್ಚಿನವರು ಪ್ರೋಟೀನ್ ಅನ್ನುತ್ತಿದ್ದರು. ಅವರು ದಡ್ಡರಾಗಿರಲಿಲ್ಲ. ಕ್ರೋಮೋಸೋಮಿನಲ್ಲಿ ಡಿಎನ್ಎಯೂ ಇದೆ, ಪ್ರೋಟೀನೂ ಇದೆ. ಪ್ರೋಟೀನ್ ಕಟ್ಟಲು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳಿವೆ. ಡಿಎನ್ಎಯಲ್ಲಿ ಇರುವುದು ನಾಲ್ಕೇ ಬೇಸುಗಳು. ಅವೂ ಒಂದೇ ಕ್ರಮದಲ್ಲಿ ಮತ್ತೆ ಮತ್ತೆ ಬರುತ್ತವೆ ಅಂತ ಆಗ ನಂಬಿದ್ದರು. ಒಂದೇ ಪದವನ್ನು ಸಾವಿರ ಸಲ ಬರೆದರೆ ಅದರಲ್ಲಿ ಏನು ತಾನೇ ಹೇಳೋಕಾಗುತ್ತೆ?

ಈ ನಂಬಿಕೆಗೆ ಮೊದಲ ಪೆಟ್ಟು ಕೊಟ್ಟ ಪ್ರಯೋಗ ಶುರುವಾಗಿದ್ದು ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾದಿಂದ. ಈ ಬ್ಯಾಕ್ಟೀರಿಯಾದಲ್ಲಿ ಎರಡು ರೂಪ. ಒಂದಕ್ಕೆ ಮೈಸುತ್ತ ಸಕ್ಕರೆ ಜಾತಿಯ ಕವಚ ಇರುತ್ತದೆ. ಅದರ ಕಾಲೊನಿ ನುಣುಪಾಗಿ ಹೊಳೆಯುತ್ತದೆ, ಅದು ಇಲಿಯನ್ನು ಕೊಲ್ಲುತ್ತದೆ. ಇನ್ನೊಂದಕ್ಕೆ ಕವಚ ಇಲ್ಲ. ಕಾಲೊನಿ ಒರಟು, ಇಲಿಗೆ ಅಪಾಯ ಇಲ್ಲ. ಕವಚದಲ್ಲೂ ಹಲವು ಟೈಪ್‌ಗಳಿವೆ, ಅವಕ್ಕೆ ನಂಬರ್ ಕೊಟ್ಟಿದ್ದಾರೆ.

ಬ್ರಿಟನ್ನಿನ ಫ್ರೆಡ್ರಿಕ್ ಗ್ರಿಫಿತ್ 1928ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಟೈಪ್ 3ರ ಕವಚವಿದ್ದ ಬ್ಯಾಕ್ಟೀರಿಯಾವನ್ನು ಬಿಸಿ ಮಾಡಿ ಸಾಯಿಸಿದರು. ಅದನ್ನು ಜೀವಂತ ಒರಟು ಬ್ಯಾಕ್ಟೀರಿಯಾದ ಜೊತೆ ಸೇರಿಸಿ ಇಲಿಗೆ ಚುಚ್ಚಿದರು. ಬೇರೆ ಬೇರೆಯಾಗಿ ಚುಚ್ಚಿದಾಗ ಎರಡೂ ಏನೂ ಮಾಡುತ್ತಿರಲಿಲ್ಲ. ಒಟ್ಟಿಗೆ ಚುಚ್ಚಿದಾಗ ಇಲಿಗಳು ಸತ್ತವು. ಅವುಗಳ ರಕ್ತದಲ್ಲಿ ಜೀವಂತ ಟೈಪ್ 3 ಸಿಕ್ಕಿತು.

ಪಾಠ ಹೇಳುವಾಗ ನಾವು ಸಾಮಾನ್ಯವಾಗಿ ಇಲ್ಲಿ ಒಂದು ಮುಖ್ಯ ವಿಷಯ ಬಿಟ್ಟುಬಿಡುತ್ತೇವೆ. ಆ ಒರಟು ಬ್ಯಾಕ್ಟೀರಿಯಾ ಹುಟ್ಟಿದ್ದು ಟೈಪ್ 2ರಿಂದ. ಒರಟು ರೂಪ ಆಗಾಗ ತಾನಾಗಿಯೇ ಹಳೆಯ ಕವಚವನ್ನು ಮತ್ತೆ ಪಡೆಯುವುದುಂಟು. ಹಾಗೆ ಆಗಿದ್ದರೆ ರಕ್ತದಲ್ಲಿ ಟೈಪ್ 2 ಸಿಗಬೇಕಿತ್ತು. ಸಿಕ್ಕಿದ್ದು ಟೈಪ್ 3. ಅಂದರೆ ಸತ್ತ ಬ್ಯಾಕ್ಟೀರಿಯಾದಿಂದ ಏನೋ ಒಂದು ಜೀವಂತ ಬ್ಯಾಕ್ಟೀರಿಯಾಕ್ಕೆ ದಾಟಿದೆ. ಆ ಗುಣ ಮುಂದಿನ ಪೀಳಿಗೆಗಳಲ್ಲೂ ಉಳಿಯಿತು. ಆದರೆ ದಾಟಿದ್ದು ಏನು? ಅದನ್ನು ಗ್ರಿಫಿತ್ ಪ್ರಯೋಗ ಹೇಳುವುದಿಲ್ಲ.

ಅದನ್ನು ಹುಡುಕಿದವರು ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಆಸ್ವಾಲ್ಡ್ ಏವರಿ, ಕಾಲಿನ್ ಮೆಕ್ಲಿಯಡ್ ಮತ್ತು ಮೆಕ್ಲಿನ್ ಮೆಕಾರ್ಟಿ. ನನಗೆ ತುಂಬಾ ಇಷ್ಟವಾದ ಪ್ರಯೋಗ ಇದು, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಅಷ್ಟರಲ್ಲಿ ಇಲಿ ಬೇಕಾಗಿರಲಿಲ್ಲ, ಟೆಸ್ಟ್ ಟ್ಯೂಬ್ ಸಾಕಿತ್ತು. ಒರಟು ಬ್ಯಾಕ್ಟೀರಿಯಾವನ್ನು ಅಂಟಿಸಿ ಗುಂಪುಗೂಡಿಸುವ ಸೀರಮ್ ಅನ್ನು ದ್ರಾವಣದಲ್ಲಿ ಹಾಕಿಡುತ್ತಿದ್ದರು. ಬ್ಯಾಕ್ಟೀರಿಯಾ ಒರಟಾಗಿಯೇ ಉಳಿದರೆ ತಳದಲ್ಲಿ ಕೂರುತ್ತದೆ, ಮೇಲಿನ ದ್ರಾವಣ ತಿಳಿಯಾಗಿರುತ್ತದೆ. ಕವಚದ ರೂಪ ಹುಟ್ಟಿದರೆ ಇಡೀ ಟ್ಯೂಬ್ ಮಬ್ಬಾಗುತ್ತದೆ. ತಿಳಿಯೋ ಮಬ್ಬೋ, ಕಣ್ಣಲ್ಲೇ ಗೊತ್ತಾಗುತ್ತದೆ. ಆಮೇಲೆ ಕಾಲೊನಿ ಬೆಳೆಸಿ ಟೈಪ್ ಯಾವುದು ಅಂತ ಖಚಿತ ಮಾಡಿಕೊಳ್ಳುತ್ತಿದ್ದರು.

ಇನ್ನು ಆ ವಸ್ತುವನ್ನು ಶುದ್ಧ ಮಾಡಬೇಕು. 75 ಲೀಟರ್‌ವರೆಗೆ ಟೈಪ್ 3 ಬ್ಯಾಕ್ಟೀರಿಯಾ ಬೆಳೆಸಿ, ಬಿಸಿ ಮಾಡಿ ಸಾಯಿಸಿ, ಒಳಗಿನದನ್ನು ಹೊರತೆಗೆದರು. ಕ್ಲೋರೋಫಾರ್ಮ್ ಹಾಕಿ ಕುಲುಕಿ ಕುಲುಕಿ ಪ್ರೋಟೀನ್ ತೆಗೆದರು. ಕಿಣ್ವ ಹಾಕಿ ಕವಚದ ಸಕ್ಕರೆಯನ್ನು ಕರಗಿಸಿದರು. ಕೊನೆಗೆ ಕಲಕುತ್ತಾ ಹನಿ ಹನಿಯಾಗಿ ಆಲ್ಕೋಹಾಲ್ ಬಿಟ್ಟರು. ದ್ರಾವಣದಷ್ಟೇ ಆಲ್ಕೋಹಾಲ್ ಸೇರುವ ಹೊತ್ತಿಗೆ ಬಿಳಿ ನೂಲಿನಂಥ ಎಳೆಗಳು ಕಾಣಿಸಿಕೊಂಡು ಗಾಜಿನ ಕಡ್ಡಿಗೆ ಸುತ್ತಿಕೊಂಡವು. ಅಷ್ಟೆಲ್ಲ ಲೀಟರ್‌ಗಳಿಂದ ಸಿಕ್ಕಿದ್ದು 10ರಿಂದ 25 ಮಿಲಿಗ್ರಾಂ. ಅದರ ಶಕ್ತಿ ಮಾತ್ರ ಅಗಾಧ. ಅರವತ್ತು ಕೋಟಿ ಭಾಗದಲ್ಲಿ ಒಂದು ಭಾಗ ಇದ್ದರೂ ಟ್ಯೂಬ್ ಮಬ್ಬಾಗುತ್ತಿತ್ತು.

ಆ ಎಳೆಯಲ್ಲಿ ಬಹುಪಾಲು ಡಿಎನ್ಎ ಇತ್ತು. ಆದರೆ ಬಹುಪಾಲು ಇರುವುದೇ ಕೆಲಸ ಮಾಡುತ್ತಿದೆ ಅಂತ ಹೇಳೋಕಾಗಲ್ಲ, ಅಲ್ವಾ? ಹಾಗಾಗಿ ಅವರು ಪ್ರಶ್ನೆಯನ್ನು ತಿರುಗಿಸಿ ಹಾಕಿದರು. ಯಾವುದನ್ನು ನಾಶ ಮಾಡಿದರೆ ಕೆಲಸ ನಿಲ್ಲುತ್ತದೆ? ಪ್ರೋಟೀನ್ ತುಂಡರಿಸುವ ಟ್ರಿಪ್ಸಿನ್ ಮತ್ತು ಕೈಮೋಟ್ರಿಪ್ಸಿನ್ ಹಾಕಿದರು. ಕೆಲಸ ನಿಲ್ಲಲಿಲ್ಲ. ಆರ್‌ಎನ್ಎ ಒಡೆಯುವ ಕಿಣ್ವ ಹಾಕಿದರು. ಆಗಲೂ ನಿಲ್ಲಲಿಲ್ಲ. ಡಿಎನ್ಎ ಒಡೆಯುವ ಕಿಣ್ವ ಶುದ್ಧ ರೂಪದಲ್ಲಿ ಆಗಿನ್ನೂ ಸಿಗುತ್ತಿರಲಿಲ್ಲ. ಅದು ಇರುವ ಕಚ್ಚಾ ದ್ರವಗಳನ್ನು, ಉದಾಹರಣೆಗೆ ನಾಯಿ ಮತ್ತು ಮೊಲದ ಸೀರಮ್ ಅನ್ನು ಹಾಕಿದರು. ಕೆಲಸ ನಿಂತುಹೋಯಿತು.

ಆದರೆ ಸೀರಮ್‌ನಲ್ಲಿ ನೂರೆಂಟು ಪದಾರ್ಥಗಳಿರುತ್ತವೆ. ನಿಲ್ಲಿಸಿದ್ದು ಡಿಎನ್ಎ ಒಡೆಯುವ ಕಿಣ್ವವೇ ಅಂತ ಹೇಗೆ ಗೊತ್ತು? ಸೀರಮ್ ಅನ್ನು 60–65 ಡಿಗ್ರಿಯಲ್ಲಿ ಬಿಸಿ ಮಾಡಿ ನೋಡಿದರು. ಡಿಎನ್ಎ ಒಡೆಯುವ ಶಕ್ತಿ ಯಾವಾಗ ಹೋಯಿತೋ, ಈ ಎಳೆಯನ್ನು ಕೆಡಿಸುವ ಶಕ್ತಿಯೂ ಆಗಲೇ ಹೋಯಿತು. ಎರಡೂ ಜೋಡಿಯಾಗಿ ಹೋದವು. 1944ರಲ್ಲಿ ಇದೆಲ್ಲ ಪ್ರಕಟವಾಯಿತು. ಎರಡು ವರ್ಷದ ನಂತರ ಮೆಕಾರ್ಟಿ ಆ ಕಿಣ್ವವನ್ನೇ ಶುದ್ಧ ಮಾಡಿ ತೋರಿಸಿದರು. ಅದರ ಲವಲೇಶ ಸಾಕಿತ್ತು ಎಳೆ ಕೆಲಸ ನಿಲ್ಲಿಸೋಕೆ.

ಆದರೂ ಎಲ್ಲರೂ ಒಪ್ಪಲಿಲ್ಲ. ಅದೇ ಸಂಸ್ಥೆಯ ಆಲ್ಫ್ರೆಡ್ ಮಿರ್ಸ್ಕಿ ಎತ್ತಿದ ಆಕ್ಷೇಪ ಹೀಗಿತ್ತು: ನಿಮ್ಮ ಎಳೆಯಲ್ಲಿ ಒಂದೆರಡು ಪರ್ಸೆಂಟ್ ಪ್ರೋಟೀನ್ ಇದ್ದರೂ ನಿಮ್ಮ ಪರೀಕ್ಷೆಗೆ ಅದು ಕಾಣುವುದಿಲ್ಲ. ಟ್ರಿಪ್ಸಿನ್‌ಗೆ ಜಗ್ಗದ ಪ್ರೋಟೀನುಗಳೂ ಇವೆ. ಇದು ನ್ಯಾಯವಾದ ಮಾತು. ಅರವತ್ತು ಕೋಟಿಯಲ್ಲಿ ಒಂದು ಭಾಗ ಕೆಲಸ ಮಾಡುತ್ತದೆ ಅಂದಮೇಲೆ ಕೊಳೆಯಷ್ಟು ಪ್ರೋಟೀನ್ ಯಾಕೆ ಸಾಲದು? ಹೀಗೆ ಏವರಿಯ ಎಳೆಯ ಶಕ್ತಿಯೇ ಅವರಿಗೆ ಎದುರಾಯಿತು. ಆಮೇಲೆ ರೋಲಿನ್ ಹಾಚ್‌ಕಿಸ್ ಶುದ್ಧೀಕರಣವನ್ನು ಇನ್ನೂ ಬಿಗಿ ಮಾಡಿ, ಪ್ರೋಟೀನ್ ಇದ್ದರೂ 0.02 ಪರ್ಸೆಂಟಿಗಿಂತ ಜಾಸ್ತಿ ಇರಲಾರದು ಅಂತ ತೋರಿಸಿದರು. ಪೆನಿಸಿಲಿನ್ ತಡೆದುಕೊಳ್ಳುವ ಗುಣವನ್ನೂ ಡಿಎನ್ಎಯಿಂದಲೇ ದಾಟಿಸಿದರು. ಇದು ಕವಚಕ್ಕೆ ಮಾತ್ರ ಸೇರಿದ ವಿಚಿತ್ರ ಅನ್ನುವ ಮಾತೂ ಅಲ್ಲಿಗೆ ನಿಂತಿತು.

1952ರಲ್ಲಿ ಆಲ್ಫ್ರೆಡ್ ಹರ್ಷಿ ಮತ್ತು ಮಾರ್ಥಾ ಚೇಸ್ ಬೇರೆ ದಾರಿ ಹಿಡಿದರು. ಬ್ಯಾಕ್ಟೀರಿಯಾಕ್ಕೆ ಸೋಂಕು ತಗುಲಿಸುವ ಟಿ2 ಎಂಬ ಫೇಜ್ ವೈರಸ್‌ನಲ್ಲಿ ಹೆಚ್ಚುಕಡಿಮೆ ಡಿಎನ್ಎ ಮತ್ತು ಪ್ರೋಟೀನ್ ಎರಡೇ ಇವೆ. ಗಂಧಕ ಪ್ರೋಟೀನಿನಲ್ಲಿದೆ, ಡಿಎನ್ಎಯಲ್ಲಿಲ್ಲ. ರಂಜಕ ಬಹುಮಟ್ಟಿಗೆ ಡಿಎನ್ಎಯಲ್ಲೇ ಇದೆ. ಒಂದಷ್ಟು ಫೇಜ್‌ಗೆ ವಿಕಿರಣ ಬೀರುವ ಗಂಧಕದ ಗುರುತು, ಇನ್ನೊಂದಷ್ಟಕ್ಕೆ ಅಂಥದೇ ರಂಜಕದ ಗುರುತು. ಫೇಜ್ ಬ್ಯಾಕ್ಟೀರಿಯಾಕ್ಕೆ ಅಂಟಿಕೊಂಡ ಮೇಲೆ ಎಲ್ಲವನ್ನೂ ಬ್ಲೆಂಡರ್‌ಗೆ ಹಾಕಿ ತಿರುಗಿಸಿದರು. ಹೊರಗೆ ಅಂಟಿದ್ದು ಕಿತ್ತುಬಂತು. ಸೆಂಟ್ರಿಫ್ಯೂಜಿನಲ್ಲಿ ಬ್ಯಾಕ್ಟೀರಿಯಾ ತಳಕ್ಕೆ ಕೂತಿತು.

ಗಂಧಕದ ಸುಮಾರು 80 ಪರ್ಸೆಂಟ್ ಮೇಲಿನ ದ್ರವದಲ್ಲಿ ಉಳಿಯಿತು. ರಂಜಕದ ಹೆಚ್ಚಿನ ಪಾಲು ಬ್ಯಾಕ್ಟೀರಿಯಾದ ಜೊತೆ ತಳಕ್ಕೆ ಹೋಯಿತು. ಬ್ಲೆಂಡರ್‌ನಿಂದ ಬಂದ ಆ ಬ್ಯಾಕ್ಟೀರಿಯಾದಲ್ಲಿ ಹೊಸ ಫೇಜ್‌ಗಳು ಹುಟ್ಟುವುದು ನಿಲ್ಲಲಿಲ್ಲ.

ಈಗ ಲೆಕ್ಕ ಹಾಕಿ. ಸುಮಾರು 20 ಪರ್ಸೆಂಟ್ ಪ್ರೋಟೀನ್ ಬ್ಯಾಕ್ಟೀರಿಯಾದ ಜೊತೆಗೇ ಉಳಿದಿದೆ. ಒಂದೆರಡು ಪರ್ಸೆಂಟಿಗೆ ಏವರಿಯನ್ನು ಅನುಮಾನಿಸಿದ್ದರು! ಶುದ್ಧತೆಯ ದೃಷ್ಟಿಯಿಂದ ಏವರಿಯ ಪ್ರಯೋಗವೇ ಗಟ್ಟಿ ಅಂತ ನನ್ನ ಅಭಿಪ್ರಾಯ. ಹರ್ಷಿಯವರೂ ತಮ್ಮ ಲೇಖನದಲ್ಲಿ ಎಚ್ಚರಿಕೆಯಿಂದಲೇ ಬರೆದರು. ಗಂಧಕ ಇರುವ ಪ್ರೋಟೀನ್ ಫೇಜ್ ಹುಟ್ಟುವುದರಲ್ಲಿ ಪಾತ್ರ ವಹಿಸುವುದಿಲ್ಲ ಅಂದರು. ಆ ಮಾತಿಗೆ ಅವರ ಬಳಿ ಇನ್ನೊಂದು ಆಧಾರ ಇತ್ತು. ಹೊಸದಾಗಿ ಹುಟ್ಟಿದ ಫೇಜ್‌ಗಳಲ್ಲಿ ಹಳೆಯ ಗುರುತು ಹುಡುಕಿದ್ದರು. ರಂಜಕ 30 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಸಿಕ್ಕಿತ್ತು. ಗಂಧಕ ಒಂದು ಪರ್ಸೆಂಟಿಗಿಂತ ಕಡಿಮೆ. ತಳದಲ್ಲಿ ಉಳಿದಿದ್ದ ಆ 20 ಪರ್ಸೆಂಟ್ ಪ್ರೋಟೀನ್ ಬ್ಯಾಕ್ಟೀರಿಯಾದ ಜೊತೆಗಿದ್ದರೂ ಮುಂದಿನ ಪೀಳಿಗೆಗೆ ಹೋಗಿರಲಿಲ್ಲ.