ಒಂದೇ ಒಂದು ಪರ್ಸೆಂಟು

ಕೇಳುಗರೇ, ನಮಸ್ಕಾರ. ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡಿ ನೋಡಿ ನಿವೃತ್ತನಾದವನು ನಾನು. ಈಗಲೂ ಪರಿಚಯದವರು ಕಾಗದ ಹಿಡಿದು ಬರುತ್ತಾರೆ. ಹೋದ ವಾರ ಡೊಂಬಿವಲಿಯಿಂದ ನಮ್ಮ ಕಡೆಯ ಹುಡುಗನೊಬ್ಬ ಬಂದ. ಮಾಟುಂಗಾದಲ್ಲಿ ದೋಸೆ ಹಿಟ್ಟಿನ ವ್ಯಾಪಾರ. ವಿಸ್ತರಿಸಲು ಸಾಲ ಬೇಕಂತೆ.

ಮೊದಲ ಪುಟದಲ್ಲೇ ಬರೆದಿದ್ದ: 2011ರ ಜನಗಣತಿಯಂತೆ ಬೃಹನ್ಮುಂಬೈ ಜನಸಂಖ್ಯೆ 1 ಕೋಟಿ 24 ಲಕ್ಷ. ನಮಗೆ ಬರೀ 1 ಪರ್ಸೆಂಟ್ ಸಿಕ್ಕರೆ ಸಾಕು. "ಇದು ತುಂಬ ಕಡಿಮೆ ಹಿಡಿದಿದ್ದು ಮಾಮ" ಅಂದ.

ಕಡಿಮೆ ಅನಿಸುತ್ತದೆ, ಅಲ್ವಾ? ಲೆಕ್ಕ ಹಾಕೋಣ. 1 ಪರ್ಸೆಂಟ್ ಅಂದರೆ 1 ಲಕ್ಷ 24 ಸಾವಿರ ಜನ. ಒಬ್ಬೊಬ್ಬರು ವಾರಕ್ಕೆ ಒಂದು ಕಿಲೋ ಪ್ಯಾಕೆಟ್ ಅಂದರೂ ದಿನಕ್ಕೆ 17,700 ಪ್ಯಾಕೆಟ್. ಅವನ ಗ್ರೈಂಡರ್ ದಿನಕ್ಕೆ ರುಬ್ಬುವುದು 50 ಕಿಲೋ. ಅಂಥವು 350ಕ್ಕೂ ಜಾಸ್ತಿ ಬೇಕು! ಹಿಟ್ಟು ಕೊಳ್ಳುವುದು ಮನುಷ್ಯರಲ್ಲ, ಮನೆ. ಮನೆಗೆ ನಾಲ್ಕು ಜನ ಅಂತ ಹಿಡಿದರೂ ದಿನಕ್ಕೆ 4,400 ಪ್ಯಾಕೆಟ್. ಆ 1 ಪರ್ಸೆಂಟ್ ಯಾವ ಬೀದಿಯಲ್ಲಿದೆ, ಅಲ್ಲಿಗೆ ಹಿಟ್ಟು ಹೊತ್ತು ಹೋಗುವವರು ಯಾರು? ಕಾಗದದಲ್ಲಿ ಒಂದು ಸಾಲೂ ಇರಲಿಲ್ಲ.

ಮುಂದಿನ ಪುಟದಲ್ಲಿ ಗ್ರಾಫ್. ನೆಲಕ್ಕೆ ಇಟ್ಟ ಹಾಕಿ ಸ್ಟಿಕ್ ನೋಡಿ: ಕೆಳಗೆ ಸ್ವಲ್ಪ ಮಟ್ಟಸ, ಆಮೇಲೆ ಸೀದಾ ಮೇಲಕ್ಕೆ. ಮೊದಲ ಆರು ತಿಂಗಳು ಮಾರಾಟ ತಿಂಗಳಿಗೆ 1,200ರಿಂದ 1,400 ಪ್ಯಾಕೆಟ್. ಏಳನೇ ತಿಂಗಳಿಂದ ಗೆರೆ ಹಾರಿತ್ತು. ಹದಿನೆಂಟನೇ ತಿಂಗಳಿಗೆ 79 ಸಾವಿರ!

ಇಂಥ ಗೆರೆ ಕಂಡರೆ ನಾನು ಅದು ಬಾಗಿದ ತಿಂಗಳ ಮೇಲೆ ಬೆರಳಿಡುತ್ತೇನೆ. "ಆ ತಿಂಗಳು ಏನಾಯಿತಪ್ಪ?" ಹುಡುಗ ಲ್ಯಾಪ್‌ಟಾಪ್ ತೆರೆದ. ಲೆಕ್ಕದ ಹಾಳೆಯಲ್ಲಿ ಏಳನೇ ತಿಂಗಳ ಚೌಕದಲ್ಲಿ ಇದ್ದದ್ದು, ಹಿಂದಿನ ತಿಂಗಳನ್ನು 1.4ರಿಂದ ಗುಣಿಸು ಅಂತ. ಅದನ್ನೇ ಕೆಳಗಿನವರೆಗೂ ಎಳೆದಿದ್ದಾನೆ. ಹನ್ನೆರಡು ಸಲ ಹಾಗೆ ಗುಣಿಸಿದರೆ ಸುಮಾರು 57 ಪಟ್ಟು. ಸುಮ್ನೆ ಮೌಸ್ ಎಳೆದದ್ದಷ್ಟೇ.

ಹಾಗಂತ ಎಲ್ಲ ಜಿಗಿತವೂ ಸುಳ್ಳಲ್ಲ. ದೊಡ್ಡ ಕ್ಯಾಂಟೀನಿನ ಆರ್ಡರ್ ಕೈಯಲ್ಲಿದ್ದರೆ ಗೆರೆ ನಿಜವಾಗಿ ಬಾಗಬಹುದು. ಆಗ ಖರ್ಚಿನ ಸಾಲೂ ಅದೇ ತಿಂಗಳು ಬಾಗಬೇಕು. ಇಲ್ಲಿ ಕರೆಂಟ್ ಬಿಲ್ ಹದಿನೆಂಟು ತಿಂಗಳೂ ಒಂದೇ. ಫ್ರಿಜ್ ಇಲ್ಲ, ಟೆಂಪೋ ಇಲ್ಲ, ಹುಳಿ ಬಂದು ವಾಪಸಾದ ಪ್ಯಾಕೆಟ್ಟಿನ ನಷ್ಟವೂ ಇಲ್ಲ. ಮುಂಬೈ ಸೆಕೆಯಲ್ಲಿ ಹುಳಿಯಾಗದ ಹಿಟ್ಟು ನಾನಂತೂ ಕಂಡಿಲ್ಲ.

ಹಾಳೆ ತಿರುಗಿಸಿ, ಹಿಂಬದಿಯಲ್ಲಿ ಕೆಳಗಿನಿಂದ ಬರೆಯಿಸಿದೆ. ಈಗ ಹತ್ತು ಅಂಗಡಿ, ಅಂಗಡಿಗೆ ನಾಲ್ಕು ಪ್ಯಾಕೆಟ್, ದಿನಕ್ಕೆ 40. ತಿಂಗಳಿಗೆ ಎಷ್ಟು ಹೊಸ ಅಂಗಡಿ ಒಪ್ಪಿಸಬಲ್ಲೆ ಅಂದೆ. "ಎರಡು" ಅಂದ. ಪೆನ್ನು ಅವನ ಕೈಯಲ್ಲೇ ಇತ್ತು. ಎರಡೇ ತಿಂಗಳಲ್ಲಿ ಅಂಗಡಿ ಹದಿಮೂರು ದಾಟುತ್ತದೆ, ಪ್ಯಾಕೆಟ್ 50 ದಾಟುತ್ತದೆ. ಅಲ್ಲಿ ನಿಲ್ಲಿಸಿ ತಲೆ ಎತ್ತಿದ. "ಮಾಮ, ಎರಡನೇ ಗ್ರೈಂಡರ್ ಎಲ್ಲಿಡಲಿ?"